ಪೀಕ್ ಅಂತರ 84 ಮಿಲಿವೋಲ್ಟ್ ಬಂದಿದೆ: ಈ ರೆಡಾಕ್ಸ್ ಜೋಡಿ ರಿವರ್ಸಿಬಲ್ ಹೌದೋ ಅಲ್ಲವೋ?

ಎಲೆಕ್ಟ್ರೋಡಿನ ವಿಭವವನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಒಯ್ದು ಹಿಂದಕ್ಕೆ ತರುತ್ತಾ ಪ್ರವಾಹ ಅಳೆಯುವ ಸೈಕ್ಲಿಕ್ ವೋಲ್ಟಾಮೆಟ್ರಿ ಕಲಿಯುವವರ ಮೊದಲ ಪ್ರಯೋಗ ಬಹುತೇಕ ಎಲ್ಲ ಲ್ಯಾಬುಗಳಲ್ಲೂ ಒಂದೇ. ಪೊಟ್ಯಾಸಿಯಂ ಫೆರಿಸಯನೈಡ್, ಪೊಟ್ಯಾಸಿಯಂ ಕ್ಲೋರೈಡ್, ಮೂರು ಮಿಲಿಮೀಟರ್ ವ್ಯಾಸದ ಗ್ಲಾಸಿ ಕಾರ್ಬನ್ ಎಲೆಕ್ಟ್ರೋಡ್. ಪರದೆಯ ಮೇಲೆ ಎರಡು ಪೀಕ್‌ಗಳು ಮೂಡುತ್ತವೆ, ಅವುಗಳ ನಡುವಿನ ಅಂತರ 84 ಮಿಲಿವೋಲ್ಟ್ ಎಂದು ಸಾಫ್ಟ್‌ವೇರ್ ತೋರಿಸುತ್ತದೆ. ಪಠ್ಯಪುಸ್ತಕ 59 ಎನ್ನುತ್ತದೆ. ಇಲ್ಲಿಂದ ಮುಂದೆ ವಿದ್ಯಾರ್ಥಿಗಳು ಎರಡು ಪಂಗಡವಾಗುತ್ತಾರೆ. "ಹತ್ತಿರವೇ ಇದೆ, ರಿವರ್ಸಿಬಲ್" ಎಂದು ಬರೆಯುವವರು ಒಂದು ಕಡೆ, "59ಕ್ಕಿಂತ ಹೆಚ್ಚಿದೆ, ಕ್ವಾಸಿ-ರಿವರ್ಸಿಬಲ್" ಎಂದು ಬರೆಯುವವರು ಇನ್ನೊಂದು ಕಡೆ. ಒಂದೇ ಒಂದು ವಕ್ರರೇಖೆಯನ್ನು ನೋಡಿ ಹೀಗೆ ಬರೆದಿದ್ದರೆ ಇಬ್ಬರ ಬಳಿಯೂ ಪುರಾವೆ ಇಲ್ಲ.

ಆ 84ರಲ್ಲಿ ಎಷ್ಟು ಪಾಲು ಎಲೆಕ್ಟ್ರಾನ್ ವರ್ಗಾವಣೆಯ ನಿಧಾನದ್ದು, ಎಷ್ಟು ಪಾಲು ದ್ರಾವಣದ ರೋಧದ್ದು, ಎಷ್ಟು ಪಾಲು ನಾವು ಓದಿದ ರೀತಿಯದ್ದು ಎಂದು ಬಿಡಿಸಿಕೊಳ್ಳುವುದೇ ಇಲ್ಲಿನ ಕೆಲಸ. ಫೆರಿಸಯನೈಡ್ ಪ್ರಯೋಗವನ್ನೇ ಇಟ್ಟುಕೊಂಡು ಅದನ್ನು ಮೊದಲಿನಿಂದ ಕೊನೆಯವರೆಗೆ ಮಾಡೋಣ.

57 ಎಲ್ಲಿಂದ ಬಂತು

ಎಲೆಕ್ಟ್ರಾನ್ ವರ್ಗಾವಣೆ ಎಷ್ಟೇ ವೇಗವಾಗಿದ್ದರೂ ಎರಡು ಪೀಕ್‌ಗಳು ಒಂದರ ಮೇಲೊಂದು ಕೂರುವುದಿಲ್ಲ. ವಿಭವವನ್ನು ಋಣ ದಿಕ್ಕಿಗೆ ಒಯ್ಯುತ್ತಿದ್ದಂತೆ ಎಲೆಕ್ಟ್ರೋಡಿನ ಮೈಗೆ ಹತ್ತಿರವಿರುವ ಫೆರಿಸಯನೈಡ್ ಫೆರೋಸಯನೈಡ್ ಆಗುತ್ತದೆ, ಪ್ರವಾಹ ಏರುತ್ತದೆ. ಹತ್ತಿರದ ದಾಸ್ತಾನು ಮುಗಿಯುತ್ತಾ ಬಂದಂತೆ ಹೊಸ ಅಯಾನುಗಳು ಹೆಚ್ಚು ದೂರದಿಂದ ವಿಸರಣದ ಮೂಲಕ ಬರಬೇಕು, ಆದ್ದರಿಂದ ಪ್ರವಾಹ ಇಳಿಯತೊಡಗುತ್ತದೆ. ಏರಿಕೆ ಮುಗಿದು ಇಳಿಕೆ ಶುರುವಾಗುವ ಆ ಬಿಂದು, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒಂದೇ ಎಲೆಕ್ಟ್ರಾನ್‌ನ ಕ್ರಿಯೆಗೆ, ಎರಡು ಪೀಕ್‌ಗಳ ನಡುಮಧ್ಯದ ಅರ್ಧತರಂಗ ವಿಭವವನ್ನು 28.5 ಮಿಲಿವೋಲ್ಟ್ ದಾಟಿದ ಮೇಲೆ ಬರುತ್ತದೆ. ಹಿಂದಿರುಗುವಾಗ ಇನ್ನೊಂದು ಬದಿಯಲ್ಲಿ ಸುಮಾರು ಅಷ್ಟೇ. ಒಟ್ಟು 57.

ಹಾಗಾದರೆ 59 ಯಾವುದು? ಹಿಂದಿರುಗುವ ಪೀಕ್ ಎಲ್ಲಿ ಬೀಳುತ್ತದೆ ಎಂಬುದು, ನಾವು ಸ್ಕ್ಯಾನನ್ನು ಎಲ್ಲಿ ತಿರುಗಿಸಿದೆವು ಎಂಬುದನ್ನೂ ಸ್ವಲ್ಪ ಅವಲಂಬಿಸಿದೆ. ಹೋಗುವಾಗಿನ ಪೀಕ್ ದಾಟಿ 120 ಮಿಲಿವೋಲ್ಟ್‌ನಷ್ಟು ಹೋಗಿ ತಿರುಗಿಸಿದರೆ ಅಂತರ 59ರ ಆಸುಪಾಸು, 270ರಷ್ಟು ಹೋಗಿ ತಿರುಗಿಸಿದರೆ 58ಕ್ಕೆ ಹತ್ತಿರ, ಬಹಳ ದೂರ ಹೋದರೆ 57. ಉಷ್ಣತೆಯ ಪಾತ್ರವೂ ಇದೆ. ಸೂತ್ರದಲ್ಲಿ 2.218 RT/F ಎಂದಿರುವುದರಿಂದ 35 ಡಿಗ್ರಿಯಲ್ಲಿ 57 ಇದ್ದದ್ದು 59 ಆಗುತ್ತದೆ. ಬೇಸಿಗೆಯಲ್ಲಿ ಫ್ಯಾನ್ ಮಾತ್ರ ಇರುವ ಕಲಬುರಗಿಯ ಲ್ಯಾಬಿನಲ್ಲಿ ಅಳೆಯುವವರು ಥರ್ಮಾಮೀಟರನ್ನೂ ದ್ರಾವಣದಲ್ಲಿ ಅದ್ದಿ ನೋಡಲಿ. ಒಟ್ಟಿನಲ್ಲಿ 57 ಮತ್ತು 60ರ ನಡುವಿನ ಯಾವ ಸಂಖ್ಯೆಯ ಬಗ್ಗೆಯೂ ಜಗಳವಾಡುವುದು ವ್ಯರ್ಥ.

ಎಲೆಕ್ಟ್ರಾನ್ ವರ್ಗಾವಣೆ ನಿಧಾನವಾದಾಗ ಮಾತು ಬೇರೆ. ಅದೇ ಪ್ರವಾಹ ಹರಿಯಲು ವಿಭವದ ಹೆಚ್ಚುವರಿ ತಳ್ಳುವಿಕೆ ಬೇಕು. ಅಪಕರ್ಷಣದ ಪೀಕ್ ಇನ್ನಷ್ಟು ಋಣ ಬದಿಗೆ, ಉತ್ಕರ್ಷಣದ ಪೀಕ್ ಇನ್ನಷ್ಟು ಧನ ಬದಿಗೆ ಸರಿಯುತ್ತವೆ, ಅಂತರ ಹಿಗ್ಗುತ್ತದೆ. ಪೀಕ್ ಅಂತರವನ್ನು ರಿವರ್ಸಿಬಲ್ ಗುಣದ ಅಳತೆಗೋಲಾಗಿ ಬಳಸುವುದು ಈ ಕಾರಣಕ್ಕೆ.

ಇಲ್ಲೇ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ರಿವರ್ಸಿಬಲ್ ಎಂಬ ಪದಕ್ಕೆ ಈ ಕ್ಷೇತ್ರದಲ್ಲಿ ಎರಡು ಅರ್ಥಗಳಿವೆ. ಅಪಕರ್ಷಣದಿಂದ ಹುಟ್ಟಿದ ವಸ್ತು ಕೆಡದೆ ಉಳಿದು, ಹಿಂದಿರುಗುವ ಸ್ಕ್ಯಾನಿನಲ್ಲಿ ಮೊದಲಿನಂತಾಗುತ್ತದೆಯೇ ಎಂಬುದು ರಾಸಾಯನಿಕ ಪ್ರಶ್ನೆ. ಅದಕ್ಕೆ ಉತ್ತರ ಕೊಡುವುದು ಎರಡು ಪೀಕ್‌ಗಳ ಎತ್ತರದ ಅನುಪಾತ. ಎಲೆಕ್ಟ್ರಾನ್ ವರ್ಗಾವಣೆ ಸ್ಕ್ಯಾನ್ ವೇಗಕ್ಕೆ ಸಾಟಿಯಾಗುವಷ್ಟು ಚುರುಕಾಗಿದೆಯೇ ಎಂಬುದು ಇನ್ನೊಂದು ಪ್ರಶ್ನೆ. ಪೀಕ್ ಅಂತರ ಉತ್ತರಿಸುವುದು ಇದನ್ನು ಮಾತ್ರ. ಅನುಪಾತ 1 ಇದ್ದು ಅಂತರ 150 ಇರಬಹುದು, ಆಗ ವಸ್ತು ಗಟ್ಟಿ, ವರ್ಗಾವಣೆ ಮಂದ. ಆಸ್ಕಾರ್ಬಿಕ್ ಆಮ್ಲದಂಥವುಗಳಲ್ಲಿ ಹಿಂದಿರುಗುವ ಪೀಕೇ ಕಾಣಿಸುವುದಿಲ್ಲ, ಅಲ್ಲಿ ಅಳೆಯಲು ಅಂತರವೇ ಇಲ್ಲ.

ಮೊದಲು ಎಲೆಕ್ಟ್ರೋಡಿನ ಮೈ

ಫೆರಿಸಯನೈಡ್ ಜೋಡಿ ಕಾರ್ಬನ್ ಮೇಲ್ಮೈಯ ವಿಷಯದಲ್ಲಿ ತೀರ ಸೂಕ್ಷ್ಮ. ಬೆರಳಿನ ಜಿಡ್ಡು, ಹಿಂದಿನ ಪ್ರಯೋಗದ ಅಂಟು, ಗಾಳಿಯಲ್ಲಿ ಬಿಟ್ಟ ಎಲೆಕ್ಟ್ರೋಡು, ಇಷ್ಟೇ ಸಾಕು ಅಂತರ ನೂರನ್ನು ಎಷ್ಟೋ ದಾಟಲು. ಉಜ್ಜದ ಎಲೆಕ್ಟ್ರೋಡಿನಲ್ಲಿ ಅಳೆದ ಅಂತರ ಫೆರಿಸಯನೈಡ್ ಬಗ್ಗೆ ಏನನ್ನೂ ಹೇಳುವುದಿಲ್ಲ, ನಿಮ್ಮ ಎಲೆಕ್ಟ್ರೋಡಿನ ಕೊಳೆಯ ಬಗ್ಗೆ ಹೇಳುತ್ತದೆ.

ಉಜ್ಜಲು ಅಲ್ಯೂಮಿನಾ ಪುಡಿ ಮೂರು ದರ್ಜೆಗಳಲ್ಲಿ ಸಿಗುತ್ತದೆ: 1, 0.3 ಮತ್ತು 0.05 ಮೈಕ್ರಾನ್. ಗೀರುಗಳಿದ್ದರೆ ಒರಟಾದುದರಿಂದ ಶುರುಮಾಡಿ, ಇಲ್ಲದಿದ್ದರೆ ದಿನನಿತ್ಯದ ಕೆಲಸಕ್ಕೆ 0.05 ಒಂದೇ ಸಾಕು. ಒದ್ದೆ ಪ್ಯಾಡಿನ ಮೇಲೆ ಎಲೆಕ್ಟ್ರೋಡನ್ನು ನೇರವಾಗಿ ಹಿಡಿದು, ಎಂಟರ ಆಕಾರದಲ್ಲಿ ಒಂದೆರಡು ನಿಮಿಷ ಉಜ್ಜಿ. ಓರೆಯಾಗಿ ಹಿಡಿದರೆ ಅಂಚು ದುಂಡಗಾಗಿ, ಕಾರ್ಬನ್ ಮತ್ತು ಸುತ್ತಲಿನ ಪ್ಲಾಸ್ಟಿಕ್ಕಿನ ನಡುವೆ ಸಂದು ಬೀಳುತ್ತದೆ. ಆ ಸಂದಿಗೆ ದ್ರಾವಣ ಇಳಿದರೆ ವಕ್ರರೇಖೆಯ ತಳ ಓರೆಯಾಗುತ್ತದೆ, ಅದನ್ನು ಸರಿಪಡಿಸುವುದು ಕಷ್ಟ. ಉಜ್ಜಿದ ಮೇಲೆ ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆದು, ಸೋನಿಕೇಟರಿನಲ್ಲಿ ಒಂದು ನಿಮಿಷ ಇಟ್ಟು ಅಲ್ಯೂಮಿನಾದ ಕಣಗಳನ್ನು ಬಿಡಿಸಿ. ಮೈ ಕನ್ನಡಿಯಂತೆ ಹೊಳೆಯಬೇಕು. ಹೊಳೆಯುವಾಗಲೇ ದ್ರಾವಣಕ್ಕಿಳಿಸಿ, ಊಟ ಮುಗಿಸಿ ಬಂದ ಮೇಲೆ ಅಲ್ಲ.

ದ್ರಾವಣ ಹೀಗಿರಲಿ: 50 ಮಿಲಿಲೀಟರ್ ನೀರಿಗೆ 3.73 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಮತ್ತು 16.5 ಮಿಲಿಗ್ರಾಂ K₃[Fe(CN)₆]. ಅಂದರೆ ಕ್ಲೋರೈಡ್ 1 ಮೋಲಾರ್, ಫೆರಿಸಯನೈಡ್ 1 ಮಿಲಿಮೋಲಾರ್. ಅದೇ ದಿನ ತಯಾರಿಸಿ, ಬೆಳಕಿಗೆ ಒಡ್ಡಬೇಡಿ. ಆಮ್ಲದ ಬಾಟಲಿಯನ್ನು ಹತ್ತಿರ ತರಬೇಡಿ, ಫೆರಿಸಯನೈಡ್ ಪ್ರಬಲ ಆಮ್ಲದೊಂದಿಗೆ ಸೇರಿದರೆ ಹೈಡ್ರೋಜನ್ ಸಯನೈಡ್ ಅನಿಲ ಬಿಡುಗಡೆಯಾಗಬಹುದು. ಸಿಂಕಿಗೂ ಸುರಿಯಬೇಡಿ.

ರೆಫರೆನ್ಸ್ ಎಲೆಕ್ಟ್ರೋಡು ಸಿಲ್ವರ್–ಸಿಲ್ವರ್ ಕ್ಲೋರೈಡ್, ಕೌಂಟರ್ ಪ್ಲಾಟಿನಂ ತಂತಿ. ಸ್ಕ್ಯಾನ್ +0.6 ವೋಲ್ಟ್‌ನಿಂದ ಹೊರಟು −0.1ಕ್ಕೆ ಹೋಗಿ ಹಿಂದಿರುಗಲಿ. ದ್ರಾವಣದಲ್ಲಿರುವುದು ಕಬ್ಬಿಣದ ಮೂರನೆಯ ಸ್ಥಿತಿ, ಆದ್ದರಿಂದ ಅದು ಏನೂ ಆಗದೆ ಇರುವ ಧನ ತುದಿಯಿಂದ ಹೊರಡಬೇಕು. ಪೀಕ್‌ಗಳು 0.2ರಿಂದ 0.3 ವೋಲ್ಟ್‌ನ ಆಸುಪಾಸಿನಲ್ಲಿ ಬರುತ್ತವೆ, ತಿರುಗುವ ಬಿಂದುವಿಗೆ ಬೇಕಾದಷ್ಟು ದೂರ ಸಿಗುತ್ತದೆ. ಪ್ರತಿ ಸ್ಕ್ಯಾನಿನ ನಡುವೆ ದ್ರಾವಣವನ್ನು ಕಲಕಿ, ಅರ್ಧ ನಿಮಿಷ ನಿಶ್ಚಲವಾಗಲು ಬಿಡಿ. ಓದುವುದು ಮೊದಲ ಸುತ್ತನ್ನು.

ಪೀಕ್ ಎಲ್ಲಿದೆ ಎಂದು ಓದುವುದು

ಸುಲಭವೆಂದು ಎಲ್ಲರೂ ದಾಟಿಹೋಗುವ ಹಂತ ಇದು, ತಪ್ಪುಗಳು ಹೆಚ್ಚಾಗುವುದೂ ಇಲ್ಲೇ. ಪೀಕಿನ ತುದಿ ಚೂಪಾಗಿರುವುದಿಲ್ಲ, ಚಪ್ಪಟೆಯಾಗಿರುತ್ತದೆ. ರಿವರ್ಸಿಬಲ್ ವಕ್ರರೇಖೆಯಲ್ಲಿ ತುದಿಯಿಂದ 5 ಮಿಲಿವೋಲ್ಟ್ ಆಚೀಚೆ ಸರಿದರೂ ಪ್ರವಾಹ ಶೇಕಡ ಒಂದರಷ್ಟೂ ಇಳಿಯುವುದಿಲ್ಲ. ಅಂದರೆ ನಿಮ್ಮ ಸಂಕೇತದಲ್ಲಿ ಶೇಕಡ ಒಂದರ ಗದ್ದಲವಿದ್ದರೆ, "ಗರಿಷ್ಠ ಬಿಂದು" ಎಂದು ಸಾಫ್ಟ್‌ವೇರ್ ಆರಿಸಿದ ಜಾಗ 5 ಮಿಲಿವೋಲ್ಟ್ ಆಚೆಗೋ ಈಚೆಗೋ ಇರಬಹುದು. ಎರಡು ಪೀಕ್‌ಗಳಲ್ಲೂ ಹೀಗಾದರೆ 64 ಇದ್ದದ್ದು 74 ಎಂದು ಕಾಣಿಸುತ್ತದೆ.

ಆದ್ದರಿಂದ ಗರಿಷ್ಠ ಬಿಂದುವನ್ನು ಸುಮ್ಮನೆ ಆರಿಸಬೇಡಿ. ತುದಿಯ ಎರಡೂ ಬದಿಗೆ 15 ಮಿಲಿವೋಲ್ಟ್‌ನಷ್ಟು ದತ್ತಾಂಶ ತೆಗೆದುಕೊಂಡು ಅದಕ್ಕೊಂದು ಪ್ಯಾರಾಬೋಲಾ ಹೊಂದಿಸಿ, ಅದರ ತುದಿಯನ್ನು ಓದಿ. ಉಪಕರಣದಲ್ಲಿ ವಿಭವದ ಮೆಟ್ಟಿಲು 1 ಮಿಲಿವೋಲ್ಟ್ ಇರಲಿ. ಎಷ್ಟೋ ಉಪಕರಣಗಳಲ್ಲಿ ಅದು ಮೊದಲೇ 5 ಅಥವಾ 10ಕ್ಕೆ ನಿಗದಿಯಾಗಿರುತ್ತದೆ, ಆಗ ನಿಮ್ಮ ಅಂತರವೂ 60, 65, 70 ಎಂದು ಐದರ ಮಗ್ಗಿಯಲ್ಲೇ ಬರುತ್ತದೆ. ಹಾಗೆ ಬಂದ ಕೋಷ್ಟಕಗಳನ್ನು ಪ್ರಕಟವಾದ ಲೇಖನಗಳಲ್ಲೂ ನೋಡಿದ್ದೇನೆ. ಭಾರಿ ಸ್ಮೂತಿಂಗ್ ಫಿಲ್ಟರನ್ನೂ ತೆಗೆದುಬಿಡಿ, ಅದು ಪೀಕ್‌ಗಳನ್ನು ಸ್ಕ್ಯಾನಿನ ದಿಕ್ಕಿಗೆ ಎಳೆಯುತ್ತದೆ. ಹೋಗುವಾಗ ಒಂದು ಕಡೆ, ಬರುವಾಗ ಇನ್ನೊಂದು ಕಡೆ, ಅಂತೂ ಅಂತರ ಹಿಗ್ಗುತ್ತದೆ.

ಅಂತರ ಓದಿದ ಮೇಲೆ ಅದೇ ವಕ್ರರೇಖೆಯಲ್ಲಿ ಇನ್ನೊಂದು ಸಂಖ್ಯೆಯನ್ನೂ ಓದಿಕೊಳ್ಳಿ. ಹೋಗುವಾಗಿನ ಪೀಕಿನ ಅರ್ಧ ಎತ್ತರದಲ್ಲಿ ವಿಭವ ಎಷ್ಟಿತ್ತು? ಪೀಕಿನಿಂದ ಅದಕ್ಕಿರುವ ದೂರ ರಿವರ್ಸಿಬಲ್ ಜೋಡಿಗೆ 56.5 ಮಿಲಿವೋಲ್ಟ್. ಅದು 70 ಬಂದರೆ ಹೋಗುವ ಸ್ಕ್ಯಾನ್ ಒಂದರಲ್ಲೇ ತೊಂದರೆ ಕಾಣಿಸಿಕೊಂಡಿದೆ ಎಂದರ್ಥ, ತಿರುಗುವ ಬಿಂದುವನ್ನು ದೂರುವಂತಿಲ್ಲ.

ಸ್ಕ್ಯಾನ್ ವೇಗ ಬದಲಿಸಿ ನೋಡಿ

ಒಂದು ವೇಗದಲ್ಲಿ ಅಳೆದ ಅಂತರ ಒಂದು ಫೋಟೊ ಇದ್ದ ಹಾಗೆ. ನಿಜವಾಗಿ ರಿವರ್ಸಿಬಲ್ ಆಗಿರುವ ಜೋಡಿಯಲ್ಲಿ ವೇಗ ಹೆಚ್ಚಿಸಿದರೆ ಪೀಕ್‌ಗಳು ಎತ್ತರವಾಗುತ್ತವೆ, ಜಾಗ ಬಿಟ್ಟು ಕದಲುವುದಿಲ್ಲ. ಅಂತರ ಹಿಗ್ಗತೊಡಗಿದರೆ ವರ್ಗಾವಣೆ ಹಿಂದೆ ಬೀಳುತ್ತಿದೆ ಎಂಬ ಅನುಮಾನ ಹುಟ್ಟುತ್ತದೆ.

ನಮ್ಮ 1 ಮಿಲಿಮೋಲಾರ್ ದ್ರಾವಣದಲ್ಲಿ ಅಳತೆಗಳು ಹೀಗೆ ಬಂದಿವೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 20 ಮಿಲಿವೋಲ್ಟ್ ವೇಗದಲ್ಲಿ ಅಂತರ 70. 100ರಲ್ಲಿ 84. 500ರಲ್ಲಿ 108. ಸೆಕೆಂಡಿಗೆ 1 ವೋಲ್ಟ್‌ನಲ್ಲಿ 124. ಎತ್ತರದ ಅನುಪಾತ ಎಲ್ಲ ಕಡೆ 1ರ ಹತ್ತಿರ, ಎತ್ತರ ವೇಗದ ವರ್ಗಮೂಲಕ್ಕೆ ತಕ್ಕಂತೆ ಏರುತ್ತಿದೆ. ವಸ್ತು ಕೆಡುತ್ತಿಲ್ಲ, ವಿಸರಣದಿಂದಲೇ ಬರುತ್ತಿದೆ. ಆದರೆ ಅಂತರ ಸ್ಪಷ್ಟವಾಗಿ ಹಿಗ್ಗುತ್ತಿದೆ. ಇದು ಕ್ವಾಸಿ-ರಿವರ್ಸಿಬಲ್ ಜೋಡಿಯ ಲಕ್ಷಣವೇ. ಆದರೂ ಹಾಗೆಂದು ಈಗಲೇ ಬರೆಯಬೇಡಿ, ಏಕೆಂದರೆ ಇದೇ ಲಕ್ಷಣವನ್ನು ಅಷ್ಟೇ ಚೆನ್ನಾಗಿ ನಟಿಸಬಲ್ಲ ಇನ್ನೊಬ್ಬ ಆರೋಪಿ ಇದ್ದಾನೆ.

ಇನ್ನೊಬ್ಬ ಆರೋಪಿ: ದ್ರಾವಣದ ರೋಧ

ಎಲೆಕ್ಟ್ರೋಡಿಗೂ ರೆಫರೆನ್ಸಿಗೂ ನಡುವಿನ ದ್ರಾವಣ ಒಂದು ರೋಧಕ. ಅದರ ಮೂಲಕ ಪ್ರವಾಹ ಹರಿದಾಗ ಸ್ವಲ್ಪ ವೋಲ್ಟೇಜ್ ದ್ರಾವಣದಲ್ಲೇ ಕಳೆದುಹೋಗುತ್ತದೆ. ಉಪಕರಣ ತಾನು ಕೊಟ್ಟ ವಿಭವವನ್ನು ದಾಖಲಿಸುತ್ತದೆ, ಎಲೆಕ್ಟ್ರೋಡಿಗೆ ತಲುಪಿದ್ದು ಅದಕ್ಕಿಂತ ಕಡಿಮೆ. ಹೋಗುವ ಪೀಕ್ ಒಂದು ಬದಿಗೂ ಬರುವ ಪೀಕ್ ಇನ್ನೊಂದು ಬದಿಗೂ ಜರಗುತ್ತವೆ. ವೇಗ ಹೆಚ್ಚಿದಷ್ಟೂ ಪ್ರವಾಹ ಹೆಚ್ಚು, ಪ್ರವಾಹ ಹೆಚ್ಚಿದಷ್ಟೂ ನಷ್ಟ ಹೆಚ್ಚು. ಆದ್ದರಿಂದ ಇದೂ ವೇಗದೊಂದಿಗೆ ಅಂತರವನ್ನು ಹಿಗ್ಗಿಸುತ್ತದೆ. ವೇಗವನ್ನು ಮಾತ್ರ ಬದಲಿಸುವ ಯಾವ ಪ್ರಯೋಗವೂ ಇಬ್ಬರನ್ನು ಸುಲಭವಾಗಿ ಬೇರ್ಪಡಿಸಲಾರದು.

ನಾನು ಲ್ಯಾಬಿಗೆ ಸೇರಿದ ಹೊಸತರಲ್ಲಿ 5 ಮಿಲಿಮೋಲಾರ್ ಫೆರಿಸಯನೈಡನ್ನು 0.1 ಮೋಲಾರ್ ಕ್ಲೋರೈಡಿನಲ್ಲಿ ಅಳೆಯುತ್ತಿದ್ದೆ, ಪೀಕ್‌ಗಳು ದೊಡ್ಡದಾಗಿ ಚೆನ್ನಾಗಿ ಕಾಣುತ್ತವೆ ಎಂಬ ಆಸೆಗೆ. ಎರಡು ವಾರ ಎಲೆಕ್ಟ್ರೋಡನ್ನು ಉಜ್ಜಿದ್ದೇ ಉಜ್ಜಿದ್ದು, ಅಂತರ ಕೆಳಗಿಳಿಯಲೇ ಇಲ್ಲ. ನೋಟ್‌ಬುಕ್‌ನಲ್ಲಿ "ಕಾರ್ಬನ್ ಮೇಲ್ಮೈ ಮಂದವಾಗಿದೆ" ಎಂದು ಬರೆದುಕೊಂಡಿದ್ದೆ. ಕಾರ್ಬನ್ ಪಾಪ, ಅದರ ತಪ್ಪೇನೂ ಇರಲಿಲ್ಲ.

ನಷ್ಟ ಎಷ್ಟಿರಬಹುದೆಂದು ಲೆಕ್ಕ ಹಾಕುವುದು ಸುಲಭ. ಚಪ್ಪಟೆ ತಟ್ಟೆಯಾಕಾರದ ಎಲೆಕ್ಟ್ರೋಡಿನ ಮುಂದಿರುವ ದ್ರಾವಣದ ರೋಧ 1/(4κa). ಇಲ್ಲಿ a ತ್ರಿಜ್ಯ, κ ದ್ರಾವಣದ ವಾಹಕತೆ. ನಮ್ಮ ಎಲೆಕ್ಟ್ರೋಡಿನ ತ್ರಿಜ್ಯ 0.15 ಸೆಂಟಿಮೀಟರ್. 1 ಮೋಲಾರ್ ಕ್ಲೋರೈಡಿನಲ್ಲಿ ರೋಧ ಸುಮಾರು 15 ಓಮ್, 0.1 ಮೋಲಾರ್‌ನಲ್ಲಿ ಸುಮಾರು 130 ಓಮ್. ಇನ್ನು ಪೀಕ್ ಪ್ರವಾಹ: ಸೆಕೆಂಡಿಗೆ 100 ಮಿಲಿವೋಲ್ಟ್ ವೇಗದಲ್ಲಿ 1 ಮಿಲಿಮೋಲಾರ್‌ಗೆ ಸುಮಾರು 17 ಮೈಕ್ರೋಆಂಪಿಯರ್, 5ಕ್ಕೆ ಸುಮಾರು 83. ಎರಡು ಪೀಕ್‌ಗಳಿಗೂ ಸೇರಿ ಅಂತರಕ್ಕೆ ಸೇರ್ಪಡೆಯಾಗುವುದು ಸರಿಸುಮಾರು ಪ್ರವಾಹ ಗುಣಿಸು ರೋಧದ ಎರಡರಷ್ಟು.

ಮೊದಲ ದ್ರಾವಣದಲ್ಲಿ, ಅಂದರೆ 1 ಮಿಲಿಮೋಲಾರ್ ಮತ್ತು 1 ಮೋಲಾರ್ ಕ್ಲೋರೈಡಿನಲ್ಲಿ, ಇದು ಅರ್ಧ ಮಿಲಿವೋಲ್ಟ್. ಮರೆತುಬಿಡಬಹುದು. ಸೆಕೆಂಡಿಗೆ 1 ವೋಲ್ಟ್‌ನಲ್ಲೂ ಎರಡು ಮಿಲಿವೋಲ್ಟ್‌ನೊಳಗೇ. ನನ್ನ ಆ ಹಳೆಯ ದ್ರಾವಣದಲ್ಲಿ ಮಾತ್ರ 100ರ ವೇಗಕ್ಕೇ 21 ಮಿಲಿವೋಲ್ಟ್, 1 ವೋಲ್ಟ್‌ನ ವೇಗಕ್ಕೆ 68ರಷ್ಟು! ಎರಡು ವಾರ ನಾನು ಉಜ್ಜುತ್ತಿದ್ದದ್ದು ಇದನ್ನು.

ಲೆಕ್ಕ ಅಂದಾಜಿನದು. ರೆಫರೆನ್ಸನ್ನು ಎಲ್ಲಿಟ್ಟಿದ್ದೀರಿ, ಅದರ ತುದಿಯ ಸರಂಧ್ರ ಗಾಜು ಒಣಗಿದೆಯೇ, ಕ್ಲಿಪ್ಪಿಗೆ ತುಕ್ಕು ಹಿಡಿದಿದೆಯೇ ಎಂಬುದು ಸೂತ್ರಕ್ಕೆ ಗೊತ್ತಿಲ್ಲ. ಆದ್ದರಿಂದ ಪ್ರಯೋಗದಲ್ಲೇ ಇಬ್ಬರು ಆರೋಪಿಗಳನ್ನು ಬೇರ್ಪಡಿಸುವ ಪರೀಕ್ಷೆ ಬೇಕು. ಅದು ಸಾರತೆಯ ಪರೀಕ್ಷೆ.

ತರ್ಕ ಇಷ್ಟೇ. ಫೆರಿಸಯನೈಡಿನ ಸಾರತೆಯನ್ನು ಐದು ಪಟ್ಟು ಮಾಡಿದರೆ ಪ್ರವಾಹ ಐದು ಪಟ್ಟಾಗುತ್ತದೆ, ರೋಧದಿಂದಾಗುವ ನಷ್ಟವೂ ಐದು ಪಟ್ಟಾಗುತ್ತದೆ. ಎಲೆಕ್ಟ್ರಾನ್ ವರ್ಗಾವಣೆಯ ನಿಧಾನದಿಂದ ಬರುವ ಅಂತರಕ್ಕೆ ಸಾರತೆಯ ಗೊಡವೆ ಇಲ್ಲ, ಅದು ಇದ್ದಷ್ಟೇ ಇರುತ್ತದೆ. ಒಂದೇ ವೇಗದಲ್ಲಿ 0.5, 1, 2 ಮತ್ತು 5 ಮಿಲಿಮೋಲಾರ್ ದ್ರಾವಣಗಳನ್ನು ಅಳೆಯಿರಿ. ಅಡ್ಡ ಅಕ್ಷದಲ್ಲಿ ಪೀಕ್ ಪ್ರವಾಹ, ಲಂಬ ಅಕ್ಷದಲ್ಲಿ ಪೀಕ್ ಅಂತರ ಇಟ್ಟು ಬಿಂದುಗಳನ್ನು ಗುರುತಿಸಿ. ರೇಖೆ ಸಮತಟ್ಟಾಗಿದ್ದರೆ ರೋಧದ ಪಾಲಿಲ್ಲ. ಏರುತ್ತಿದ್ದರೆ ಆ ಏರಿಕೆಯೇ ರೋಧದ ಪಾಲು, ರೇಖೆಯನ್ನು ಪ್ರವಾಹ ಸೊನ್ನೆಯಾಗುವವರೆಗೆ ಹಿಂದಕ್ಕೆ ಎಳೆದಾಗ ಸಿಗುವ ಅಂತರ ವರ್ಗಾವಣೆಯದ್ದು.

ಕ್ಲೋರೈಡಿನ ಸಾರತೆಯನ್ನು ಮಾತ್ರ ಈ ಪರೀಕ್ಷೆಯಲ್ಲಿ ಬದಲಿಸಬೇಡಿ. ಕ್ಲೋರೈಡ್ ಹೆಚ್ಚಿಸಿ ಅಂತರ ಇಳಿದರೆ "ನೋಡಿ, ರೋಧವೇ ಕಾರಣ" ಎನ್ನಲು ಮನಸ್ಸಾಗುತ್ತದೆ. ಆದರೆ ಫೆರಿಸಯನೈಡಿನ ವರ್ಗಾವಣೆಯ ವೇಗವೇ ದ್ರಾವಣದ ಪೊಟ್ಯಾಸಿಯಂ ಅಯಾನನ್ನು ಅವಲಂಬಿಸಿದೆ, ಪೊಟ್ಯಾಸಿಯಂ ಹೆಚ್ಚಿದರೆ ವರ್ಗಾವಣೆಯೂ ಚುರುಕಾಗುತ್ತದೆ. ಎರಡೂ ಒಟ್ಟಿಗೆ ಬದಲಾದ ಪ್ರಯೋಗದಿಂದ ಯಾವ ತೀರ್ಪೂ ಬರುವುದಿಲ್ಲ.

ಉಪಕರಣದಲ್ಲಿ ರೋಧ ಪರಿಹಾರದ ಸೌಲಭ್ಯವಿದ್ದರೆ ಬಳಸಬಹುದು, ಅಳೆದ ರೋಧದ ಶೇಕಡ 80–90ರಷ್ಟಕ್ಕೆ ನಿಲ್ಲಿಸಿ. ಪೂರ್ತಿ ಪರಿಹರಿಸಲು ಹೋದರೆ ಉಪಕರಣ ತೂಗಾಡತೊಡಗಿ ವಕ್ರರೇಖೆಯಲ್ಲಿ ಅಲೆಗಳು ಏಳುತ್ತವೆ. ಅಸಿಟೋನೈಟ್ರೈಲ್‌ನಂಥ ಸಾವಯವ ದ್ರಾವಕಗಳಲ್ಲಿ ರೋಧದ ಕಾಟ ಇನ್ನೂ ಹೆಚ್ಚು. ಅಲ್ಲಿ ಫೆರೋಸೀನ್ ನೆರವಿಗೆ ಬರುತ್ತದೆ. ಅದೇ ಎಲೆಕ್ಟ್ರೋಡಿನಲ್ಲಿ, ಅದೇ ದ್ರಾವಣದಲ್ಲಿ, ಅಷ್ಟೇ ಸಾರತೆಯಲ್ಲಿ ಫೆರೋಸೀನ್ 85 ತೋರಿಸಿ ನಿಮ್ಮ ವಸ್ತುವೂ 85 ತೋರಿಸಿದರೆ, ವರ್ಗಾವಣೆಯಲ್ಲಿ ಚುರುಕೆಂದು ಹೆಸರಾದ ಫೆರೋಸೀನನ್ನೇ ನೀವು ಮಂದವೆನ್ನಬೇಕಾಗುತ್ತದೆ. ಅಲ್ಲಿ ತಪ್ಪು ರೋಧದ್ದು.

ಅಂತರದಿಂದ ವೇಗದ ಅಂಕಿಗೆ

ಸಾರತೆಯ ಪರೀಕ್ಷೆಯಲ್ಲಿ ರೇಖೆ ಸಮತಟ್ಟಾಗಿ ಬಂತು ಎಂದುಕೊಳ್ಳೋಣ. ಹಾಗಾದರೆ 70, 84, 108, 124 ಇವು ವರ್ಗಾವಣೆಯವೇ. ಇವುಗಳಿಂದ ಅದರ ದರ ಸ್ಥಿರಾಂಕ k⁰ ತೆಗೆಯಬಹುದು. ದಾರಿ ತೋರಿಸಿದ್ದು 1965ರಲ್ಲಿ ನಿಕಲ್ಸನ್. ಅವರು ಪೀಕ್ ಅಂತರವನ್ನು ψ ಎಂಬ ಒಂದು ಸಂಖ್ಯೆಗೆ ಜೋಡಿಸುವ ಕೋಷ್ಟಕ ಕೊಟ್ಟರು: ψ 20 ಆದರೆ ಅಂತರ 61, ψ 1 ಆದರೆ 84, ψ 0.25 ಆದರೆ 141. ಕೋಷ್ಟಕದ ಬದಲು ಬಳಸಬಹುದಾದ ಒಂದು ಅಂದಾಜು ಸೂತ್ರ ಆಮೇಲೆ ಬಂತು. X ಎಂದರೆ ಮಿಲಿವೋಲ್ಟ್‌ಗಳಲ್ಲಿ ಪೀಕ್ ಅಂತರ, ಒಂದು ಎಲೆಕ್ಟ್ರಾನ್‌ನ ಕ್ರಿಯೆಗೆ:

```
psi = (-0.6288 + 0.0021*X) / (1 - 0.017*X)
k0  = psi * sqrt(pi * D * F * v / (R * T))
```

ಫೆರಿಸಯನೈಡಿನ ವಿಸರಣ ಗುಣಾಂಕ D ಸೆಕೆಂಡಿಗೆ 7.6×10⁻⁶ ಚದರ ಸೆಂಟಿಮೀಟರ್ ಎಂದು ಇಟ್ಟುಕೊಳ್ಳಿ. ವೇಗ v ವೋಲ್ಟ್‌ಗಳಲ್ಲಿರಬೇಕು, ಮಿಲಿವೋಲ್ಟ್‌ಗಳಲ್ಲಿ ಹಾಕಿ ಮೂವತ್ತು ಪಟ್ಟು ತಪ್ಪಿದ ಉತ್ತರ ತಂದವರು ಬಹಳ ಮಂದಿ. 100ರ ವೇಗಕ್ಕೆ ಲೆಕ್ಕ ಮಾಡಿದರೆ 84 ಎಂಬ ಅಂತರಕ್ಕೆ ψ 1.06, ವರ್ಗಮೂಲದ ಪದ 0.00964, ಗುಣಿಸಿದರೆ k⁰ ಸೆಕೆಂಡಿಗೆ 0.0102 ಸೆಂಟಿಮೀಟರ್. 500ರ ವೇಗದ 108 ಕೊಡುವುದು 0.0104. 1 ವೋಲ್ಟ್‌ನ 124 ಕೊಡುವುದು 0.0101. 20ರ ವೇಗದ 70 ಮಾತ್ರ 0.0109 ಕೊಡುತ್ತದೆ.

ಬೇರೆ ಬೇರೆ ವೇಗಗಳಿಂದ ಒಂದೇ k⁰ ಬರುತ್ತಿರುವುದು ಒಳ್ಳೆಯ ಸಾಕ್ಷಿ. ರೋಧ ನುಸುಳಿದ್ದರೆ ವೇಗ ಹೆಚ್ಚಿದಂತೆ k⁰ ಕುಗ್ಗುತ್ತಾ ಹೋಗುತ್ತಿತ್ತು. ಸಾರತೆಯ ಪರೀಕ್ಷೆಗೆ ಇದು ಎರಡನೆಯ ಕಾವಲು.

ಆ 0.0109 ಯಾಕೆ ಸ್ವಲ್ಪ ಆಚೆ ಬಿತ್ತು ಎಂಬುದನ್ನು ನೋಡುವುದು ಉಪಯುಕ್ತ. ಅಂತರವನ್ನು 2 ಮಿಲಿವೋಲ್ಟ್ ಹೆಚ್ಚು ಕಡಿಮೆ ಓದಿದೆವು ಎಂದುಕೊಳ್ಳಿ. 124 ಎಂಬುದು 122 ಅಥವಾ 126 ಆದರೆ k⁰ ಶೇಕಡ ನಾಲ್ಕರಷ್ಟು ಅಲುಗುತ್ತದೆ, ಅಷ್ಟೇ. ಅದೇ 70 ಎಂಬುದು 68 ಆದರೆ k⁰ 0.0134, 72 ಆದರೆ 0.0092. ಅಂತರ 60ರ ಹತ್ತಿರ ಬಂದಂತೆ ಓದುವ ಸಣ್ಣ ತಪ್ಪೂ ಉತ್ತರವನ್ನು ದಿಕ್ಕಾಪಾಲು ಮಾಡುತ್ತದೆ, ಸೂತ್ರವಂತೂ 59ರ ಬಳಿ ಅರ್ಥವನ್ನೇ ಕಳೆದುಕೊಳ್ಳುತ್ತದೆ. ಆದ್ದರಿಂದ ಅಂತರ 62 ಬಂದಾಗ ಅದರಿಂದ k⁰ ಹಿಂಡಲು ಹೋಗಬೇಡಿ, ವೇಗ ಹೆಚ್ಚಿಸಿ 80 ದಾಟಿಸಿ. ಮೇಲ್ಗಡೆಯೂ ಒಂದು ಮಿತಿಯಿದೆ. 200 ಮಿಲಿವೋಲ್ಟ್ ದಾಟಿದ ಮೇಲೆ ವರ್ಗಾವಣೆಯ ಸಮ್ಮಿತಿ ಗುಣಾಂಕವೂ ಅಂತರದ ಮೇಲೆ ಕೈಯಾಡಿಸುತ್ತದೆ, ಕೋಷ್ಟಕ ಕೈಕೊಡುತ್ತದೆ.

ಈಗ ಮೊದಲಿನ ಪ್ರಶ್ನೆ: ಈ ಜೋಡಿ ರಿವರ್ಸಿಬಲ್ಲೇ? ಪ್ರಶ್ನೆಯಲ್ಲೇ ವೇಗವನ್ನು ಸೇರಿಸದೆ ಉತ್ತರ ಹೇಳಲಾಗದು. ಚಾಲ್ತಿಯಲ್ಲಿರುವ ಅಂದಾಜು ಏನೆಂದರೆ k⁰ ವೇಗದ ವರ್ಗಮೂಲದ 0.3 ಪಟ್ಟಿಗಿಂತ ಹೆಚ್ಚಿದ್ದರೆ ಆ ವೇಗದಲ್ಲಿ ಜೋಡಿ ರಿವರ್ಸಿಬಲ್. ನಮ್ಮ 0.01ಕ್ಕೆ ಲೆಕ್ಕ ಮಾಡಿದರೆ ಸೆಕೆಂಡಿಗೆ ಸುಮಾರು 1 ಮಿಲಿವೋಲ್ಟ್‌ನ ವೇಗದಲ್ಲಿ ಮಾತ್ರ ಅದು ರಿವರ್ಸಿಬಲ್ ಆಗಿ ವರ್ತಿಸಬೇಕು. ಅಷ್ಟು ನಿಧಾನಕ್ಕೆ ಒಂದು ಸುತ್ತು ಮುಗಿಯಲು ಇಪ್ಪತ್ತಮೂರು ನಿಮಿಷ ಬೇಕು. ಅಷ್ಟರಲ್ಲಿ ಮೇಜಿನ ಕಂಪನ, ಉಷ್ಣತೆಯ ಏರಿಳಿತ ದ್ರಾವಣವನ್ನು ಕಲಕಿ ವಿಸರಣದ ಲೆಕ್ಕವನ್ನೇ ಕೆಡಿಸುತ್ತವೆ. ಬಳಕೆಯ ವೇಗಗಳಲ್ಲೆಲ್ಲ ಈ ಎಲೆಕ್ಟ್ರೋಡಿನ ಮೇಲೆ ಇದು ಕ್ವಾಸಿ-ರಿವರ್ಸಿಬಲ್.

"ಈ ಎಲೆಕ್ಟ್ರೋಡಿನ ಮೇಲೆ" ಎಂದದ್ದನ್ನು ಗಮನಿಸಿ. ಅನುಮಾನ ಉಳಿದರೆ ಹೆಕ್ಸಾಅಮೀನ್ ರುಥೇನಿಯಂ ಜೋಡಿಯನ್ನು ಅದೇ ಎಲೆಕ್ಟ್ರೋಡಿನಲ್ಲಿ ಅಳೆಯಿರಿ. ಅದು ಮೇಲ್ಮೈಯ ಕೊಳೆಗೆ ಹೆಚ್ಚು ಸೊಪ್ಪು ಹಾಕುವುದಿಲ್ಲ. ಅದು 60ರ ಆಸುಪಾಸು ಕೊಟ್ಟು ಫೆರಿಸಯನೈಡ್ 110 ಕೊಟ್ಟರೆ, ರೋಧವೂ ಉಪಕರಣವೂ ಸರಿಯಿವೆ, ಇನ್ನೊಮ್ಮೆ ಉಜ್ಜಬೇಕಾದದ್ದು ಕಾರ್ಬನ್. ಎರಡೂ 110 ಕೊಟ್ಟರೆ ಉಜ್ಜುವುದನ್ನು ನಿಲ್ಲಿಸಿ ರೆಫರೆನ್ಸನ್ನು ಪರೀಕ್ಷಿಸಿ. ರುಥೇನಿಯಂ ಪೀಕ್‌ಗಳು ಋಣ ವಿಭವದಲ್ಲಿ ಬರುವುದರಿಂದ ಅಲ್ಲಿ ಕರಗಿದ ಆಮ್ಲಜನಕವೂ ಅಪಕರ್ಷಣಗೊಂಡು ಗಲಿಬಿಲಿ ಮಾಡುತ್ತದೆ, ಹತ್ತು ನಿಮಿಷ ನೈಟ್ರೋಜನ್ ಹಾಯಿಸುವುದನ್ನು ತಪ್ಪಿಸಬೇಡಿ. ಫೆರಿಸಯನೈಡಿಗೆ ಅದನ್ನು ಮರೆತರೂ ನಡೆಯುತ್ತದೆ.

ಅಂತರ ತೀರ ಕಡಿಮೆ ಬಂದರೆ

ಅಂತರ 40 ಬಂತೆಂದು ಹಿಗ್ಗುವವರೂ ಇದ್ದಾರೆ. ಒಂದು ಎಲೆಕ್ಟ್ರಾನ್‌ನ, ವಿಸರಣದಿಂದ ನಡೆಯುವ ಕ್ರಿಯೆಯಲ್ಲಿ 57ಕ್ಕಿಂತ ಕೆಳಗೆ ಹೋಗಲು ದಾರಿಯೇ ಇಲ್ಲ, ವರ್ಗಾವಣೆ ಎಷ್ಟೇ ಚುರುಕಾದರೂ. ಕೆಳಗೆ ಹೋಗಿದೆ ಎಂದರೆ ಆ ಎರಡು ಷರತ್ತುಗಳಲ್ಲಿ ಒಂದು ಮುರಿದಿದೆ. ಎರಡು ಎಲೆಕ್ಟ್ರಾನ್‌ಗಳು ಒಟ್ಟಿಗೆ ವರ್ಗಾವಣೆಯಾಗುತ್ತಿದ್ದರೆ ಅಂತರ 28.5ಕ್ಕೆ ಇಳಿಯುತ್ತದೆ. ವಸ್ತು ಎಲೆಕ್ಟ್ರೋಡಿಗೆ ಅಂಟಿಕೊಂಡಿದ್ದರೆ ಆದರ್ಶ ಸ್ಥಿತಿಯಲ್ಲಿ ಅಂತರ ಸೊನ್ನೆ.

ನ್ಯಾನೋಟ್ಯೂಬ್ ಅಥವಾ ಗ್ರಾಫೀನ್ ಬಳಿದ ಎಲೆಕ್ಟ್ರೋಡುಗಳಲ್ಲಿ ಮೂರನೆಯದೊಂದು ಬಲೆ ಇದೆ, ಅದಕ್ಕೆ ಬಿದ್ದವರ ಸಂಖ್ಯೆ ಸಣ್ಣದಲ್ಲ. ಬಳಿದ ಪದರ ಸ್ಪಂಜಿನಂತೆ ಸರಂಧ್ರವಾಗಿರುತ್ತದೆ. ರಂಧ್ರಗಳಲ್ಲಿ ಸಿಕ್ಕಿಕೊಂಡ ದ್ರಾವಣದ ತೆಳುಪದರದಲ್ಲಿ ಅಯಾನುಗಳು ದೂರದಿಂದ ಬರಬೇಕಾಗಿಲ್ಲ, ಇದ್ದಲ್ಲೇ ಖಾಲಿಯಾಗಿ ಇದ್ದಲ್ಲೇ ತುಂಬಿಕೊಳ್ಳುತ್ತವೆ. ಆಗ ವರ್ಗಾವಣೆ ಚುರುಕಾಗದಿದ್ದರೂ ಅಂತರ ಕುಗ್ಗುತ್ತದೆ. ಬರಿಯ ಎಲೆಕ್ಟ್ರೋಡಿನಲ್ಲಿ 120 ಇದ್ದದ್ದು ಬಳಿದ ಮೇಲೆ 65 ಆಯಿತು, ಆದ್ದರಿಂದ ನಮ್ಮ ವಸ್ತು ವೇಗವರ್ಧಕ ಎಂಬ ವಾಕ್ಯ ಓದಿದಾಗಲೆಲ್ಲ ನಾನು ಮೊದಲು ಹುಡುಕುವುದು ಸ್ಕ್ಯಾನ್ ವೇಗದ ಚಿತ್ರವನ್ನು. ಪೀಕ್ ಎತ್ತರ ವೇಗದ ವರ್ಗಮೂಲದ ಬದಲು ವೇಗಕ್ಕೇ ನೇರ ಅನುಪಾತದಲ್ಲಿ ಏರುವತ್ತ ವಾಲಿದ್ದರೆ, ಅದು ಸ್ಪಂಜಿನ ಕೆಲಸ. ಅಂಥ ಅಂತರವನ್ನು ನಿಕಲ್ಸನ್ ಸೂತ್ರಕ್ಕೆ ಹಾಕಿ ತೆಗೆದ k⁰ಗೆ ಅರ್ಥವಿಲ್ಲ, ಸೂತ್ರ ನಿಂತಿರುವುದೇ ಚಪ್ಪಟೆ ಎಲೆಕ್ಟ್ರೋಡಿಗೆ ದೂರದಿಂದ ನಡೆಯುವ ವಿಸರಣದ ಮೇಲೆ.

ನೋಟ್‌ಬುಕ್‌ನಲ್ಲಿ ಏನು ಬರೆಯಬೇಕು

ನಮ್ಮ ಪ್ರಯೋಗಕ್ಕೆ ನಾನು ಬರೆಯುವುದು ಹೀಗೆ: "1 ಮೋಲಾರ್ KCl, 1 ಮಿಲಿಮೋಲಾರ್ ಫೆರಿಸಯನೈಡ್, 3 ಮಿ.ಮೀ. ಗ್ಲಾಸಿ ಕಾರ್ಬನ್, 0.05 ಮೈಕ್ರಾನ್ ಅಲ್ಯೂಮಿನಾದಲ್ಲಿ ಉಜ್ಜಿ ಐದು ನಿಮಿಷದೊಳಗೆ ಅಳೆದದ್ದು, 25 ಡಿಗ್ರಿ, ಮೆಟ್ಟಿಲು 1 ಮಿಲಿವೋಲ್ಟ್. ವೇಗ 20ರಿಂದ 1000ಕ್ಕೆ ಏರಿಸಿದಾಗ ಅಂತರ 70ರಿಂದ 124ಕ್ಕೆ, ಎತ್ತರದ ಅನುಪಾತ 1. ಸಾರತೆ 0.5ರಿಂದ 5ಕ್ಕೆ ಏರಿಸಿದಾಗ 100ರ ವೇಗದಲ್ಲಿ ಅಂತರ ಓದುವ ತಪ್ಪಿನ ಮಿತಿ ದಾಟಿ ಬದಲಾಗಿಲ್ಲ. ರಾಸಾಯನಿಕವಾಗಿ ರಿವರ್ಸಿಬಲ್, ವರ್ಗಾವಣೆ ಕ್ವಾಸಿ-ರಿವರ್ಸಿಬಲ್, k⁰ ಸುಮಾರು 0.010 ಸೆಂ.ಮೀ./ಸೆಕೆಂಡ್, 100ರಿಂದ 1000ದ ವೇಗಗಳ ಸರಾಸರಿ. 20ರ ವೇಗದ ಅಂಕಿಯನ್ನು ಬಿಟ್ಟಿದ್ದೇನೆ." ನಾಳೆ ಇನ್ನೊಬ್ಬರು ಇದೇ ಎಲೆಕ್ಟ್ರೋಡಿನಲ್ಲಿ 110 ಕಂಡರೆ, ಹುಡುಕಾಟ ಎಲ್ಲಿಂದ ಶುರುವಾಗಬೇಕು ಎಂಬುದು ಆ ಪುಟದಲ್ಲೇ ಇರುತ್ತದೆ.